ಕಾರ್ಪೋವ್ ಕುದುರೆ, ಕಾಸ್ಪರೋವ್ ಒಂಟೆ

ಚದುರಂಗ ಕಲಿಯುವ ಮಕ್ಕಳಿಗೆ ಕುದುರೆಗೂ ಒಂಟೆಗೂ ಬೆಲೆ ಒಂದೇ, ತಲಾ ಮೂರು ಪೇದೆಯಷ್ಟು ಎಂದು ಮೊದಲೇ ಹೇಳಿಕೊಡುತ್ತಾರೆ. ಸ್ವಲ್ಪ ಆಡಿ ಅನುಭವವಾದ ಮೇಲೆ ಬಿಷಪ್, ಅಂದರೆ ಒಂಟೆಯೇ ಒಂದು ಕೈ ಮೇಲು ಅನಿಸುತ್ತದೆ. ಹಾದಿ ತೆರವಿದ್ದರೆ ಒಂಟೆ ಒಂದೇ ನಡೆಯಲ್ಲಿ ಮಣೆಯ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಕುದುರೆಗೆ ಅದೇ ದೂರ ಕ್ರಮಿಸಲು ಆರು ನಡೆಯವರೆಗೂ ಬೇಕಾಗಬಹುದು. ಆದರೆ ಒಂಟೆಗೆ ಹುಟ್ಟಿನಿಂದಲೇ ಬಂದ ಕೊರತೆಯೊಂದಿದೆ. ಬಿಳಿ ಮನೆಯ ಒಂಟೆ ಆಟ ಮುಗಿಯುವವರೆಗೂ ಬಿಳಿ ಮನೆಗಳಲ್ಲೇ ಇರಬೇಕು. ಮಣೆಯ ಅರ್ಧದಷ್ಟು ಮನೆಗಳು ಅದರ ಪಾಲಿಗೆ ಇಲ್ಲವೇ ಇಲ್ಲ.

ಆ ಒಂಟೆಯ ಸ್ವಂತ ಪೇದೆಗಳೂ ಬಿಳಿ ಮನೆಗಳಲ್ಲೇ ನಿಂತು, ಮುಂದೆ ಹೋಗಲಾರದಂತೆ ಸಿಕ್ಕಿಬಿದ್ದರೆ ಎರಡು ತೊಂದರೆ ಒಟ್ಟಿಗೆ ಬರುತ್ತವೆ. ತನ್ನ ಪೇದೆಗಳೇ ಒಂಟೆಯ ದಾರಿಗೆ ಅಡ್ಡ ನಿಲ್ಲುತ್ತವೆ. ಅವುಗಳನ್ನು ತಡೆದು ನಿಂತ ಎದುರಾಳಿಯ ಪೇದೆಗಳು ಕಪ್ಪು ಮನೆಗಳಲ್ಲಿರುವುದರಿಂದ ಒಂಟೆ ಅವನ್ನು ಎಂದೂ ಹೊಡೆಯಲಾರದು. ಆಟಗಾರರು ಇದನ್ನೇ ‘ಕೆಟ್ಟ ಬಿಷಪ್’ ಎನ್ನುತ್ತಾರೆ. ಇಂಥ ಒಂಟೆಯ ಎದುರು ಕುದುರೆಯಿದ್ದರೆ ಗೆಲುವು ತಾನಾಗಿ ಬರುತ್ತದೆ ಎಂದು ಅನೇಕರು ನಂಬಿದ್ದಾರೆ. ಆ ನಂಬಿಕೆ ಅರ್ಧ ಮಾತ್ರ ನಿಜ. ಉಳಿದರ್ಧ ಯಾವುದೆಂಬುದನ್ನು 1984ರ ವಿಶ್ವ ಚಾಂಪಿಯನ್‌ಷಿಪ್‌ನ 9ನೇ ಆಟದಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಆಟ ನನಗೆ ಗೊತ್ತಿಲ್ಲ.

ಪಂದ್ಯ ನಡೆದದ್ದು ಮಾಸ್ಕೋದಲ್ಲಿ. ಚಾಂಪಿಯನ್ ಅನಾತೊಲಿ ಕಾರ್ಪೋವ್‌ಗೆ ಆಗ 33 ವರ್ಷ, ಸವಾಲು ಹಾಕಿದ ಗ್ಯಾರಿ ಕಾಸ್ಪರೋವ್‌ಗೆ 21. ಮೊದಲು ಆರು ಆಟ ಗೆದ್ದವರಿಗೆ ಕಿರೀಟ, ಡ್ರಾಗಳು ಲೆಕ್ಕಕ್ಕಿಲ್ಲ. 8 ಆಟ ಮುಗಿಯುವಷ್ಟರಲ್ಲಿ ಕಾರ್ಪೋವ್ ಮೂರು ಗೆದ್ದಿದ್ದರು, ಕಾಸ್ಪರೋವ್ ಒಂದನ್ನೂ ಗೆದ್ದಿರಲಿಲ್ಲ.

9ನೇ ಆಟದಲ್ಲಿ ಕಾರ್ಪೋವ್‌ಗೆ ಬಿಳಿ ಕಾಯಿ. ಕಾಸ್ಪರೋವ್ ಟಾರಾಶ್ ಡಿಫೆನ್ಸ್ ಆಡಿದರು. ಅದರಲ್ಲಿ ಕಪ್ಪು ಕಾಯಿಯವರಿಗೆ ಸಾಮಾನ್ಯವಾಗಿ d5ರಲ್ಲಿ ಒಂಟಿ ಪೇದೆ ಉಳಿಯುತ್ತದೆ. ಇಲ್ಲಿಯೂ ಹಾಗೇ ಆಯಿತು. d5 ಬಿಳಿ ಮನೆ. ಮುಂದೆ 27ನೇ ನಡೆಯಲ್ಲಿ ಅವರು ಒಂದು ಪೇದೆಯನ್ನು h5ಕ್ಕೆ, 31ನೇ ನಡೆಯಲ್ಲಿ ಇನ್ನೊಂದನ್ನು b5ಕ್ಕೆ ತಳ್ಳಿದರು. ಇವೂ ಬಿಳಿ ಮನೆಗಳೇ. ಕುದುರೆ, ಆನೆಗಳೆಲ್ಲ ಮಣೆಯ ಮೇಲಿದ್ದಾಗ ಈ ನಡೆಗಳಲ್ಲಿ ದೋಷ ಕಾಣುವುದಿಲ್ಲ. ಕಾಯಿಗಳು ಒಂದೊಂದಾಗಿ ವಿನಿಮಯವಾದಂತೆ ಪೇದೆಗಳು ನಿಂತ ಬಣ್ಣದ ತೂಕ ಹೆಚ್ಚುತ್ತ ಹೋಗುತ್ತದೆ. 36ನೇ ನಡೆಯಲ್ಲಿ ಕೊನೆಯ ಆನೆಗಳೂ ಹೋದವು. ಆಗ ಕಾರ್ಪೋವ್ d4ಕ್ಕೆ ಪೇದೆಯಿಂದ ಹೊಡೆದದ್ದರಿಂದ ಎದುರಿನ d5 ಪೇದೆ ಅಲ್ಲೇ ಬಂಧಿಯಾಯಿತು. 44ನೇ ನಡೆಯಲ್ಲಿ ಅವರು ತಮ್ಮ ಒಂಟೆಯನ್ನು ಕೊಟ್ಟು ಎದುರಾಳಿಯ ಕುದುರೆಯನ್ನು ಹೊಡೆದರು. ಉಳಿದದ್ದು ಕಾರ್ಪೋವ್‌ಗೆ ಕುದುರೆ, ಕಾಸ್ಪರೋವ್‌ಗೆ ಬಿಳಿ ಮನೆಯ ಒಂಟೆ. ಬೇಕೆಂದೇ ಆರಿಸಿಕೊಂಡ ಅಂತ್ಯದಾಟ ಇದು.

ಮಣೆ ಇದ್ದವರು ದಯವಿಟ್ಟು ಕಾಯಿಗಳನ್ನು ಹೀಗೆ ಜೋಡಿಸಿ. ಬಿಳಿ: ರಾಜ f2, ಕುದುರೆ e3, ಪೇದೆಗಳು a3, b4, d4, f3, g3, h4. ಕಪ್ಪು: ರಾಜ d6, ಒಂಟೆ b1, ಪೇದೆಗಳು a6, b5, d5, f6, g5, h5. ಇದು ಕಾರ್ಪೋವ್ 46ನೇ ನಡೆಯಾಗಿ b4 ಆಡಿದ ಮೇಲಿನ ಸ್ಥಿತಿ. ಆ ನಡೆಯಿಂದ a6, b5 ಪೇದೆಗಳೂ ಬಿಳಿ ಮನೆಗಳಲ್ಲೇ ಕೂತುಬಿಟ್ಟವು.

ಕಾಸ್ಪರೋವ್ ಅವರ ಒಂಟೆ ಮೂಲೆಯಲ್ಲಿ ಉಸಿರುಗಟ್ಟಿ ಕೂತಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪೇದೆಗಳ ಸಾಲು ದಾಟಿ ಬಂದು, ಎದುರಾಳಿಯ ಮನೆಯಂಗಳದಲ್ಲೇ ಸ್ವತಂತ್ರವಾಗಿ ತಿರುಗಾಡುತ್ತಿದೆ. ಹೀಗಿದ್ದರೂ ಅದನ್ನು ಕೆಟ್ಟ ಒಂಟೆ ಎನ್ನುವುದೇಕೆ? ಕಾರ್ಪೋವ್ ಅವರ ಪೇದೆಗಳನ್ನು ಒಂದೊಂದಾಗಿ ನೋಡಿ: a3, b4, d4, g3, h4 ಎಲ್ಲವೂ ಕಪ್ಪು ಮನೆಗಳಲ್ಲಿವೆ. ಒಂಟೆಗೆ ಹೊಡೆಯಲು ಸಿಗುವುದು f3 ಪೇದೆಯೊಂದೇ. ಕುದುರೆಗಾದರೋ d5, h5 ಎರಡೂ ಗುರಿಗಳು. F4ಕ್ಕೆ ಬಂದರೆ ಅಲ್ಲಿಂದಲೇ ಎರಡಕ್ಕೂ ಕಣ್ಣು ಹಾಕಬಹುದು. ಒಂಟೆ ಎಷ್ಟು ದೂರ ಓಡಬಲ್ಲದು ಎಂಬುದರಿಂದ ಅದರ ಬೆಲೆ ತಿಳಿಯುವುದಿಲ್ಲ, ಓಡಿ ಹೋಗಿ ಏನನ್ನು ಹೊಡೆಯಬಲ್ಲದು ಎಂಬುದರಿಂದ ತಿಳಿಯುತ್ತದೆ.

ಈ ಸ್ಥಿತಿಯಲ್ಲಿ ಕಾಸ್ಪರೋವ್ g5 ಪೇದೆಯಿಂದ h4 ಪೇದೆಯನ್ನು ಹೊಡೆದರು. g3 ಪೇದೆಯಿಂದ ತಿರುಗಿ ಹೊಡೆಯುವುದು ಕಾರ್ಪೋವ್‌ಗೆ ಸಹಜವಾದ ಉತ್ತರ. ನಾವು ನೀವು ಯೋಚಿಸದೆ ಅದನ್ನೇ ಆಡಿರುತ್ತಿದ್ದೆವು, ಮತ್ತು ಆಟ ಹೆಚ್ಚುಕಡಿಮೆ ಡ್ರಾ ಆಗಿರುತ್ತಿತ್ತು.

ಯಾಕೆಂದರೆ ಬಿಳಿ ಮನೆಗಳಲ್ಲಿ ಸಿಕ್ಕಿಬಿದ್ದ ಆ ಪೇದೆಗಳೇ ಕಾರ್ಪೋವ್ ರಾಜನಿಗೆ ಬೇಲಿಯಾಗಿದ್ದವು. b5 ಪೇದೆ a4, c4 ಮನೆಗಳನ್ನು ಕಾಯುತ್ತದೆ. D5 ಪೇದೆ c4, e4 ಮನೆಗಳನ್ನು. H5 ಪೇದೆ g4 ಮನೆಯನ್ನು. f6ರಲ್ಲಿರುವ ಪೇದೆ e5, g5 ಎರಡನ್ನೂ ಮುಚ್ಚಿದೆ. h4ರಲ್ಲಿ ಕಾರ್ಪೋವ್ ಅವರ ಸ್ವಂತ ಪೇದೆಯೇ ಕೂತಿದ್ದರೆ ಆ ಕಡೆಯಿಂದಲೂ ರಾಜ ಹೋಗಲಾರ. ಕುದುರೆ f4ಕ್ಕೆ ಬಂದು d5, h5 ಎರಡನ್ನೂ ಬೆದರಿಸಿದರೂ ಒಂಟೆ f7ರಲ್ಲಿ ನಿಂತು ಎರಡನ್ನೂ ಕಾಯುತ್ತದೆ. ಕೆಟ್ಟ ಒಂಟೆಗೆ ದಾಳಿ ಬಾರದಿದ್ದರೂ ಕಾವಲು ಚೆನ್ನಾಗಿ ಬರುತ್ತದೆ, ಏಕೆಂದರೆ ಕಾಯಬೇಕಾದವೆಲ್ಲ ಅದರ ಬಣ್ಣದಲ್ಲೇ ಇವೆ. ಕುದುರೆಯೊಂದೇ ಸುತ್ತಿ ಸುತ್ತಿ ದಣಿದರೂ ಈ ಕೋಟೆ ಬೀಳುವುದಿಲ್ಲ. ರಾಜನೂ ಒಳಗೆ ಹೋಗಬೇಕು.

ಕಾರ್ಪೋವ್ ಪೇದೆಯನ್ನು ಹೊಡೆಯಲಿಲ್ಲ. e3ರಲ್ಲಿದ್ದ ಕುದುರೆಯನ್ನು ಹಿಂದಕ್ಕೆ, g2ಕ್ಕೆ ಇಟ್ಟರು.

ಪೇದೆಯೊಂದನ್ನು ಕೈಬಿಟ್ಟು ಕುದುರೆಯನ್ನು ಹಿಂದೆ ಸರಿಸುವ ಈ 47ನೇ ನಡೆ ಅಂತ್ಯದಾಟದ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉದ್ದೇಶ ಒಂದೇ: h4 ಮನೆಯನ್ನು ತಮ್ಮ ಪೇದೆಗಲ್ಲ, ರಾಜನಿಗೆ ಮೀಸಲಿಡುವುದು. ಕಾಸ್ಪರೋವ್ g3 ಪೇದೆಯನ್ನೂ ಹೊಡೆದು ಚೆಕ್ ಕೊಟ್ಟರು, ರಾಜ ಅದನ್ನು ಹೊಡೆದು g3ಕ್ಕೆ ಬಂದ. ಈಗ ಕಾಸ್ಪರೋವ್‌ಗೆ ಒಂದು ಪೇದೆ ಹೆಚ್ಚು, ಆದರೆ h5 ಪೇದೆ ಉಳಿಯುವುದಿಲ್ಲ. ಒಂಟೆ g6ಕ್ಕೆ ಓಡಿಬಂದು ಕಾದರೆ ಕುದುರೆ f4ಕ್ಕೆ ಬರುತ್ತದೆ. ಒಂಟೆ f7ಕ್ಕೆ ಸರಿದರೆ ರಾಜ h4ಕ್ಕೆ ಬರುತ್ತಾನೆ. ಆಗ h5ರ ಮೇಲೆ ಇಬ್ಬರ ದಾಳಿ, ಕಾವಲಿಗೆ ಒಂಟೆಯೊಂದೇ. ಅಲ್ಲಿ ಎಲ್ಲ ವಿನಿಮಯವಾದರೂ ಉಳಿಯುವ ರಾಜ-ಪೇದೆಗಳ ಆಟ ಕಾರ್ಪೋವ್ ಗೆಲ್ಲುವಂಥದ್ದು.

ಕಾಸ್ಪರೋವ್ ರಾಜನನ್ನು e6ಕ್ಕೆ ತಂದರು. ಕುದುರೆ f4ಕ್ಕೆ ಬಂದು ಚೆಕ್ ಕೊಟ್ಟು, ಮರುನಡೆಯಲ್ಲಿ h5 ಪೇದೆಯನ್ನು ತೆಗೆಯಿತು. ಪೇದೆಗಳು ಮತ್ತೆ ಸಮ. ಬೇಲಿಯ ಒಂದು ಗೂಟ ಮಾತ್ರ ಬಿದ್ದಿತ್ತು. G4 ಮನೆಯನ್ನು ಕಾಯುವವರು ಈಗ ಯಾರೂ ಇರಲಿಲ್ಲ. ಕುದುರೆ ಮತ್ತೆ f4ಕ್ಕೆ ಮರಳಿ ಚೆಕ್ ಕೊಟ್ಟಿತು, ಕಪ್ಪು ರಾಜ d5 ಪೇದೆಯನ್ನು ಕಾಯಲು d6ಕ್ಕೆ ಹಿಂದಿರುಗಿದ. ಕಾರ್ಪೋವ್ ರಾಜ g4, h5, g6 ಎಂದು ನಡೆದೇ ಹೋದ. ಒಂಟೆ g6 ಮನೆಯನ್ನು ಕಾಯುತ್ತ ಕೂತಿದ್ದರೂ ರಾಜನಿಗೆ h6, g7 ಎಂಬ ಇನ್ನೊಂದು ದಾರಿಯಿತ್ತು. ಅವೆರಡೂ ಕಪ್ಪು ಮನೆಗಳು, ಒಂಟೆ ಅಲ್ಲಿಗೆ ಕಾಲಿಡಲಾರದು. ಹಾಗಾಗಿ ಕಾಸ್ಪರೋವ್ ಕಾಯುವುದನ್ನು ಬಿಟ್ಟು, ಒಂಟೆಯನ್ನು d1ಕ್ಕೆ ಇಟ್ಟು f3 ಪೇದೆಯ ಮೇಲೆ ಕಣ್ಣಿಟ್ಟರು. ಅದಕ್ಕಿದ್ದ ಒಂದೇ ಗುರಿ ಅದು.

ಈಗ ಕಪ್ಪು ರಾಜನ ಪಾಡು ನೋಡಿ. f6 ಪೇದೆಯನ್ನು ಕಾಯಬೇಕಾದರೆ e7ಕ್ಕೆ ಹೋಗಬೇಕು, d5 ಪೇದೆಯನ್ನು ಕಾಯಬೇಕಾದರೆ d6ರಲ್ಲೇ ಇರಬೇಕು. ಅವನು e7ಕ್ಕೆ ಹೋದ. ಕುದುರೆ d5 ಪೇದೆಯನ್ನು ಹೊಡೆದು ಚೆಕ್ ಕೊಟ್ಟಿತು, c7ರಿಂದ ಇನ್ನೊಂದು ಚೆಕ್ ಕೊಟ್ಟು a6 ಪೇದೆಯನ್ನೂ ತೆಗೆಯಿತು. ಒಂಟೆ f3 ಪೇದೆಯನ್ನು ಹೊಡೆಯಿತು, ಕಾರ್ಪೋವ್ ರಾಜ f6 ಪೇದೆಯನ್ನು ಹೊಡೆದ. ಕಾರ್ಪೋವ್‌ಗೆ ಎರಡು ಪೇದೆ ಹೆಚ್ಚು. f3 ಪೇದೆಯನ್ನು ಉಳಿಸಲು ಅವರು ಒಂದು ನಡೆಯನ್ನೂ ವ್ಯಯಿಸಲಿಲ್ಲ. ರಾಜ ಒಳಗೆ ನುಗ್ಗಿದ ಮೇಲೆ ಆ ಪೇದೆಗಿಂತ ನಡೆಗೇ ಬೆಲೆ ಹೆಚ್ಚು ಎಂಬ ಅವರ ಲೆಕ್ಕ ಸರಿಯಾಗಿತ್ತು. 70ನೇ ನಡೆಯಲ್ಲಿ ಕಾಸ್ಪರೋವ್ ಸೋಲೊಪ್ಪಿಕೊಂಡರು. ಅಂಕ 4-0 ಆಯಿತು. ಅದಾದ ಮೇಲಿನ 17 ಆಟಗಳು ಡ್ರಾ.

ನಮ್ಮ ಆಟದಲ್ಲಿ ಇಂಥ ಸಂದರ್ಭ ಬಂದಾಗ, ವಿನಿಮಯಕ್ಕೆ ಕೈಹಾಕುವ ಮೊದಲೇ ಮೂರು ವಿಷಯ ನೋಡಿಕೊಳ್ಳಬೇಕು. ಎದುರಾಳಿಯ ಪೇದೆಗಳು ನಿಜಕ್ಕೂ ಬಂಧಿಯಾಗಿವೆಯೇ, ಇಲ್ಲ ಒಂದು ನಡೆಯಲ್ಲಿ ಬಣ್ಣ ಬದಲಿಸಿ ತಪ್ಪಿಸಿಕೊಳ್ಳಬಲ್ಲವೇ? ಪೇದೆ ಇನ್ನೂ ಚಲಿಸುವಂತಿದ್ದರೆ ಒಂಟೆಯನ್ನು ಕೆಟ್ಟದ್ದು ಎನ್ನುವುದು ಅವಸರ. ನಮ್ಮ ಪೇದೆಗಳು ಒಂಟೆಗೆ ಸಿಗದ ಬಣ್ಣದಲ್ಲಿವೆಯೇ? ಕೊನೆಯದಾಗಿ, ರಾಜ ಒಳಗೆ ಹೋಗುವ ಮನೆ ಯಾವುದು? ಆ ಮನೆಯ ಹೆಸರು ಹೇಳಲಾಗದಿದ್ದರೆ ಕುದುರೆಯ ಮೇಲುಗೈ ಬರೀ ನೋಟಕ್ಕೆ. ನನ್ನ ಮಟ್ಟಿಗೆ ಹೆಚ್ಚಿನ ಆಟಗಳು ಡ್ರಾ ಆಗುವುದು ಈ ಮೂರನೇ ಪ್ರಶ್ನೆಯನ್ನು ತಡವಾಗಿ ಕೇಳಿಕೊಳ್ಳುವುದರಿಂದಲೇ.

ಕುದುರೆಗೊಂದು ಮಿತಿಯಿದೆ, ಅದನ್ನೂ ಹೇಳಬೇಕು. ಪ್ರತಿ ನಡೆಗೂ ಅದು ನಿಲ್ಲುವ ಮನೆಯ ಬಣ್ಣ ಬದಲಾಗುತ್ತದೆ. ಆದ್ದರಿಂದ ಎಷ್ಟು ಸುತ್ತಿ ಬಂದರೂ, ಹೊರಟ ಮನೆಗೆ ಮರಳಲು ಅದಕ್ಕೆ ಸಮಸಂಖ್ಯೆಯ ನಡೆಗಳೇ ಬೇಕು. ಅದೇ ಸ್ಥಿತಿಯಲ್ಲಿ ನಡೆಯುವ ಸರದಿಯನ್ನು ಎದುರಾಳಿಗೆ ಒಪ್ಪಿಸಬೇಕಾದಾಗ ಕುದುರೆ ಕೈಕೊಡುತ್ತದೆ. ರಾಜ ಎರಡು ಹೆಜ್ಜೆಯ ದಾರಿಯನ್ನು ಮೂರು ಹೆಜ್ಜೆಯಲ್ಲಿ ಸುತ್ತಿ ಬಂದು ಆ ಕೆಲಸ ಮಾಡಬೇಕು. ಒಂಟೆಗೆ ಈ ಕಷ್ಟವಿಲ್ಲ, ತನ್ನ ಗೆರೆಯ ಮೇಲೆ ಒಂದು ಮನೆ ಅತ್ತಿತ್ತ ಸರಿದು ಸರದಿ ಕಳೆಯಬಲ್ಲದು. ಪೇದೆಗಳು ಮಣೆಯ ಎರಡೂ ಬದಿಯಲ್ಲಿ ಬಿಡುಗಡೆಯಾಗಿ ಓಡತೊಡಗಿದರಂತೂ ಕೆಟ್ಟ ಒಂಟೆಯೂ ಒಳ್ಳೆಯದಾಗಿಬಿಡುತ್ತದೆ. ಎರಡು ಕಡೆಗೂ ಒಟ್ಟಿಗೆ ಕಣ್ಣಿಡಲು ಕುದುರೆಯ ಕೈಲಾಗುವುದಿಲ್ಲ.

ಜೋಡಿಸಿದ ಮಣೆಯನ್ನು ಈಗಲೇ ಎತ್ತಿಡಬೇಡಿ. ಜೊತೆಗೊಬ್ಬರನ್ನು ಕೂರಿಸಿಕೊಂಡು, ಕಪ್ಪು ಪೇದೆ h4ರಲ್ಲಿ ಹೊಡೆದ ಮೇಲಿನ ಸ್ಥಿತಿಯಿಂದ ಬಿಳಿ ಕಾಯಿ ನೀವು ಆಡಿ. ಮೊದಲ ಸಲ g3 ಪೇದೆಯಿಂದ ತಿರುಗಿ ಹೊಡೆದು, ರಾಜನಿಗೆ ದಾರಿ ಹುಡುಕಿ ನೋಡಿ. ಎರಡನೇ ಸಲ ಕುದುರೆಯನ್ನು g2ಕ್ಕೆ ಇಟ್ಟು ಮುಂದುವರಿಸಿ.