ಬೆಕ್ಕುಗಳ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ

ಬೆಕ್ಕುಗಳ ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆಯು ರಕ್ತವನ್ನು ಸೋಸುವ ನೆಫ್ರಾನ್ ಎಂಬ ಸೂಕ್ಷ್ಮ ಘಟಕಗಳು ಕ್ರಮೇಣ ನಾಶವಾಗುವ ಸ್ಥಿತಿ. ಇದು ಹೆಚ್ಚಾಗಿ ವಯಸ್ಸಾದ ಬೆಕ್ಕುಗಳಲ್ಲಿ ಕಂಡುಬರುತ್ತದೆ. ನಾಶವಾದ ನೆಫ್ರಾನ್‌ಗಳು ಮತ್ತೆ ಹುಟ್ಟುವುದಿಲ್ಲ.

ಆರಂಭಿಕ ಲಕ್ಷಣಗಳು

ನೆಫ್ರಾನ್‌ಗಳು ಬಹುಪಾಲು ನಾಶವಾದಾಗ ಮೂತ್ರವನ್ನು ಸಾಂದ್ರಗೊಳಿಸುವ ಶಕ್ತಿ ಕುಂದುತ್ತದೆ. ಆಗ ತೆಳುವಾದ ಮೂತ್ರ ಹೆಚ್ಚು ಪ್ರಮಾಣದಲ್ಲಿ ಹೊರಹೋಗುತ್ತದೆ. ಆ ನಷ್ಟವನ್ನು ತುಂಬಲು ಬೆಕ್ಕು ಹೆಚ್ಚು ನೀರು ಕುಡಿಯುತ್ತದೆ. ಆದ್ದರಿಂದ ಹೇರಳವಾದ ಮೂತ್ರವು ಮೂತ್ರಪಿಂಡದ ಆರೋಗ್ಯದ ಗುರುತಲ್ಲ. ಇದರೊಂದಿಗೆ ತೂಕ ನಿಧಾನವಾಗಿ ಇಳಿಯಬಹುದು. ಮಧುಮೇಹ ಹಾಗೂ ಥೈರಾಯ್ಡ್ ಗ್ರಂಥಿಯ ಅತಿಸ್ರಾವದಲ್ಲಿಯೂ ಇವೇ ಲಕ್ಷಣಗಳಿರುವುದರಿಂದ ರಕ್ತ ಮತ್ತು ಮೂತ್ರ ಎರಡರ ಪರೀಕ್ಷೆಯೂ ಅಗತ್ಯ. ರಕ್ತದ ಕ್ರಿಯಾಟಿನಿನ್ ಮಟ್ಟವು ಸಾಮಾನ್ಯವಾಗಿ ತಡವಾಗಿ ಏರುತ್ತದೆ.

ನೀರಿನ ಪಾತ್ರ

4 ಕಿ.ಗ್ರಾಂ ತೂಕದ ಆರೋಗ್ಯವಂತ ಬೆಕ್ಕಿಗೆ ಆಹಾರದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. 60 ಗ್ರಾಂ ಒಣ ಆಹಾರದಿಂದ ಸುಮಾರು 6 ಮಿ.ಲೀ. ನೀರು ಮಾತ್ರ ದೊರೆತರೆ, 200 ಗ್ರಾಂ ಹಸಿ ಆಹಾರದಿಂದ ಸುಮಾರು 150 ಮಿ.ಲೀ. ದೊರೆಯುತ್ತದೆ. ಕಾಯಿಲೆಯುಳ್ಳ ಬೆಕ್ಕಿಗೆ ಇನ್ನೂ ಹೆಚ್ಚು ನೀರು ಬೇಕು.

ಮೂತ್ರ ಹೆಚ್ಚಾಯಿತೆಂದು ನೀರಿನ ಬಟ್ಟಲನ್ನು ತೆಗೆದಿಟ್ಟರೆ ಮೂತ್ರದ ನಷ್ಟ ನಿಲ್ಲುವುದಿಲ್ಲ. ದೇಹ ಒಣಗಿ, ಮೂತ್ರಪಿಂಡಕ್ಕೆ ರಕ್ತದ ಹರಿವು ತಗ್ಗಿ, ಉಳಿದ ನೆಫ್ರಾನ್‌ಗಳಿಗೂ ಹಾನಿಯಾಗುತ್ತದೆ. ನೀರು ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಈ ಹೆಚ್ಚುವರಿ ಹಾನಿಯನ್ನು ತಡೆಯುತ್ತದೆ. ಬೆಕ್ಕು ತಿನ್ನುವುದನ್ನೂ ಕುಡಿಯುವುದನ್ನೂ ನಿಲ್ಲಿಸಿದರೆ ಪಶುವೈದ್ಯರು ಚರ್ಮದಡಿಗೆ ಅಥವಾ ರಕ್ತನಾಳಕ್ಕೆ ದ್ರವ ನೀಡುತ್ತಾರೆ.