ಅಜ್ಜಿಯ ಮುಖದ ಗೆರೆ: ಎಷ್ಟು ತಿದ್ದಬೇಕು, ಎಲ್ಲಿ ನಿಲ್ಲಿಸಬೇಕು

ಸಹಸ್ರ ಚಂದ್ರ ದರ್ಶನದ ಆಮಂತ್ರಣಕ್ಕೆಂದು ಅಜ್ಜಿಯನ್ನು ಕಿಟಕಿಯ ಪಕ್ಕ ಕೂರಿಸಿ ಫೋಟೊ ತೆಗೆದಿದ್ದೀರಿ ಎಂದುಕೊಳ್ಳಿ. ಎದುರಿಗೆ ಕೂತು ಮಾತಾಡುವಾಗ ಕಣ್ಣಿಗೆ ಬೀಳದ ಸುಕ್ಕುಗಳು ಫೋಟೊದಲ್ಲಿ ಎದ್ದು ಕಾಣುತ್ತವೆ. ಫೋಟೊದ ಸುಕ್ಕು ಎಂದರೆ ಚರ್ಮದ ಮಡಿಕೆಯೊಳಗೆ ಬಿದ್ದ ನೆರಳು. ಬೆಳಕು ಮಗ್ಗುಲಿನಿಂದ ಓರೆಯಾಗಿ ಬಿದ್ದಷ್ಟೂ ಆ ನೆರಳು ಕಪ್ಪಾಗುತ್ತದೆ. ಗೆರೆಯನ್ನು ಉಳಿಸಿಕೊಂಡು ಆ ಕಪ್ಪನ್ನು ತಗ್ಗಿಸಿದರೆ ಸಾಕು.

ಹಳೆಯ ಸ್ಟುಡಿಯೋಗಳು ಮಾಡುತ್ತಿದ್ದದ್ದೂ ಇದನ್ನೇ. ನೆಗೆಟಿವ್‌ನಲ್ಲಿ ಸುಕ್ಕು ತಿಳಿಯಾದ ಗೆರೆಯಾಗಿ ಕಾಣುತ್ತದೆ. ಅದರ ಮೇಲೆ ಚೂಪು ಪೆನ್ಸಿಲ್ಲಿನಿಂದ ನವಿರಾಗಿ ಎಳೆದರೆ ಪ್ರಿಂಟಿನಲ್ಲಿ ನೆರಳು ತಿಳಿಯಾಗುತ್ತಿತ್ತು.

ಇಂದು ಫೋಟೋಶಾಪ್‌ನಲ್ಲಿ ಮೂಲ ಚಿತ್ರದ ಮೇಲೆ ಖಾಲಿ ಲೇಯರ್ ಹಾಕಿ, Healing Brush ತೆಗೆದುಕೊಂಡು, Sample ಎಂಬಲ್ಲಿ Current & Below ಆರಿಸಿ. ಬ್ರಷ್ ಗೆರೆಗಿಂತ ತುಸುವೇ ಅಗಲವಿರಲಿ. Alt ಒತ್ತಿ ಪಕ್ಕದ ಚರ್ಮವನ್ನು ಆರಿಸಿಕೊಂಡು ಗೆರೆಯ ಮೇಲೆ ಎಳೆಯಿರಿ. ಗೆರೆ ಪೂರ್ತಿ ಮಾಯವಾಗಿ ಮುಖ ಅಪರಿಚಿತವಾಗುತ್ತದೆ, ಗಾಬರಿ ಬೇಡ. ಲೇಯರಿನ Opacity ಸೊನ್ನೆಗೆ ಇಳಿಸಿ, ಮೆಲ್ಲಗೆ ಏರಿಸುತ್ತ ಬನ್ನಿ. ಸಾಮಾನ್ಯವಾಗಿ 30ರಿಂದ 50ರೊಳಗೆ ಗೆರೆ ಉಳಿದು ಕಪ್ಪು ತಗ್ಗುತ್ತದೆ.

ಹಣೆ, ಕಣ್ಣಿನ ಸುತ್ತ, ಬಾಯಿಯ ಇಕ್ಕೆಲ ಇವಕ್ಕೆ ಬೇರೆ ಬೇರೆ ಲೇಯರ್ ಇಡಿ, ಏಕೆಂದರೆ ಮೂರಕ್ಕೂ ಒಂದೇ ಅಳತೆ ಸಲ್ಲದು. ಕಣ್ಣ ಕೆಳಗಿನ ಕಪ್ಪು ನಿದ್ದೆಗೆಟ್ಟ ರಾತ್ರಿಯದಾಗಿರಬಹುದು, ಅದನ್ನು ಹೆಚ್ಚು ತಗ್ಗಿಸಬಹುದು. ಕಣ್ಣಂಚಿನಲ್ಲಿ ಕವಲೊಡೆದ ಗೆರೆಗಳನ್ನು ಮಾತ್ರ ಬಹಳ ಕಡಿಮೆ ಮುಟ್ಟಿ. ಮನಸಾರೆ ನಕ್ಕಾಗ ಕಣ್ಣಿನ ಸುತ್ತಲ ಸ್ನಾಯು ಬಿಗಿದು ಮೂಡುವ ಗೆರೆಗಳವು. ಅವನ್ನು ಅಳಿಸಿದರೆ ತುಟಿ ನಗುತ್ತದೆ, ಕಣ್ಣು ನಗುವುದಿಲ್ಲ. ಮಚ್ಚೆ, ಹಳೆಯ ಗಾಯದ ಕಲೆ ಇದ್ದಲ್ಲೇ ಇರಲಿ, ಮನೆಯವರು ಅಜ್ಜಿಯನ್ನು ಗುರುತಿಸುವುದು ಅವುಗಳಿಂದಲೂ ಹೌದು. ಇಡೀ ಮುಖಕ್ಕೆ ಬ್ಲರ್ ಹಾಕುವ ಸುಲಭದ ದಾರಿ ಹಿಡಿಯಬೇಡಿ. ಚರ್ಮದ ಸಣ್ಣ ರಂಧ್ರಗಳೂ ಅಳಿಸಿ ಮುಖ ಮೇಣದಂತಾಗುತ್ತದೆ.

ದೊಡ್ಡದು ಮಾಡಿ ನೋಡುತ್ತಿದ್ದರೆ ಪ್ರತಿ ಗೆರೆಯೂ ದೋಷವೆನಿಸಿ ಕೈ ನಿಲ್ಲುವುದಿಲ್ಲ. ಆಗಾಗ ಚಿತ್ರವನ್ನು ಅಚ್ಚಾಗುವ ಅಳತೆಗೆ ಇಳಿಸಿ ನೋಡಿ. ಮೊದಲ ನೋಟ ಸುಕ್ಕಿಗೆ ಹೋಗದೆ ಕಣ್ಣಿಗೆ ಹೋದರೆ ಅಲ್ಲಿಗೆ ಕೆಲಸ ಮುಗಿಯಿತು. ಆಮೇಲೆ ಕತ್ತನ್ನೂ ಮಡಿಲಲ್ಲಿಟ್ಟ ಕೈಗಳನ್ನೂ ನೋಡಿ. ಕೈಗೆ ಎಂಬತ್ತು, ಮುಖಕ್ಕೆ ಅರವತ್ತು ಎನಿಸಿದರೆ ತಿದ್ದಿದ್ದು ಹೆಚ್ಚಾಗಿದೆ. ಕೈಯನ್ನೂ ತಿದ್ದಲು ಹೊರಡಬೇಡಿ, ಮುಖದ ಲೇಯರುಗಳ Opacity ಇಳಿಸಿ. ಕೊನೆಗೆ ಒಂದು ರಾತ್ರಿ ಬಿಟ್ಟು, ಅಜ್ಜಿಯನ್ನು ದಿನವೂ ನೋಡುವವರಿಗೆ ಏನೂ ಹೇಳದೆ ತೋರಿಸಿ. ಅವರು ತಿದ್ದಿದ್ದನ್ನು ಗುರುತಿಸಿದರೆ ಇನ್ನೊಂದು ಹತ್ತು ಇಳಿಸಿ.