ನೀರಿನ ಸುದ್ದಿ ಮುಳುಗದಿರಲಿ: ಬಡಾವಣೆಯ ವಾಟ್ಸಾಪ್ ಗುಂಪಿಗೊಂದು ಸೂಚನಾ ಪತ್ರ

ಬೆಂಗಳೂರಿನ ಹೊರವಲಯದಲ್ಲಿ ನೂರೈವತ್ತು ಮನೆಗಳ ಒಂದು ಬಡಾವಣೆ ಇದೆ ಎಂದಿಟ್ಟುಕೊಳ್ಳಿ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಒಂದು ರಾತ್ರಿ ಎಂಟೂವರೆಗೆ ವಾಲ್ವ್‌ಮನ್ ಫೋನ್ ಮಾಡಿ, ಮುಖ್ಯ ಪೈಪ್ ಒಡೆದಿದೆ, ನಾಳೆ ನೀರು ಬಿಡಲಾಗುವುದಿಲ್ಲ ಎಂದು ಹೇಳುತ್ತಾನೆ. ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಆ ಕ್ಷಣವೇ ಅದನ್ನು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಅದರ ಕೆಳಗೆ ‘ಓಕೆ ಸರ್’, ‘ಧನ್ಯವಾದಗಳು’, ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಯಾರದೋ ಮಗಳು ಪಾಸಾದ ಸುದ್ದಿ ಬರುತ್ತದೆ, ಅದಕ್ಕೆ ಅಭಿನಂದನೆಗಳ ಮಳೆ. ಬೆಳಗಿನ ಜಾವಕ್ಕೆ ಶುಭೋದಯದ ಚಿತ್ರಗಳು ಶುರು. ಏಳು ಗಂಟೆಗೆ ಫೋನ್ ಕೈಗೆತ್ತಿಕೊಂಡವರಿಗೆ ಎಂಬತ್ತು ಹೊಸ ಮೆಸೇಜು ಕಾಣುತ್ತವೆ. ಸಂಪಿನಲ್ಲಿ ಉಳಿದಿದ್ದ ನೀರಿನಲ್ಲಿ ಬಟ್ಟೆ ಒಗೆದು ಮುಗಿಸಿದ ಮೇಲೆಯೇ ನಲ್ಲಿ ಬರುವುದಿಲ್ಲ ಎಂಬುದು ಗೊತ್ತಾಗುತ್ತದೆ.

ಇಂಥದ್ದು ಎರಡು ಮೂರು ಸಲ ಆದ ಮೇಲೆ ಕಾರ್ಯದರ್ಶಿ ಒಂದು ಸೂಚನಾ ಪತ್ರ ಬರೆಯಲು ಕೂರುತ್ತಾರೆ. ಹೆಚ್ಚಿನ ಬಡಾವಣೆಗಳಲ್ಲಿ ಆ ಪತ್ರ ‘ದಯವಿಟ್ಟು ಶುಭೋದಯ ಹಾಕಬೇಡಿ’ ಎಂಬುದರಿಂದ ಆರಂಭವಾಗುತ್ತದೆ, ಒಂದು ವಾರ ಪಾಲನೆಯಾಗುತ್ತದೆ, ಹಬ್ಬ ಬಂದೊಡನೆ ಮರೆತುಹೋಗುತ್ತದೆ. ಹಿರಿಯರೊಬ್ಬರು ಕಳಿಸಿದ ಯುಗಾದಿ ಶುಭಾಶಯಕ್ಕೆ ಎಲ್ಲರೆದುರು ಆಕ್ಷೇಪಣೆ ಎತ್ತಿದರೆ ಅವರು ಆ ಮೇಲೆ ಗುಂಪಿನಲ್ಲಿ ಬಾಯಿ ಬಿಡುವುದಿಲ್ಲ, ಸಂಘದ ಸಭೆಗೂ ಬರುವುದಿಲ್ಲ. ಶುಭಾಶಯದಿಂದ ಯಾರಿಗೂ ಕೆಡುಕಿಲ್ಲ. ಅದು ಮತ್ತು ನೀರಿನ ಸುದ್ದಿ ಒಂದೇ ದಾರಿಯಲ್ಲಿ ಬರುವುದರಿಂದ ಕೆಡುಕಾಗುತ್ತದೆ. ಗದ್ದಲ ತಾಳಲಾರದವರು ಗುಂಪನ್ನು ಮ್ಯೂಟ್ ಮಾಡುತ್ತಾರೆ. ವಾಟ್ಸಾಪ್‌ನಲ್ಲಿ ಎಂಟು ಗಂಟೆ, ಒಂದು ವಾರ ಅಥವಾ ಸದಾಕಾಲ ಎಂಬ ಆಯ್ಕೆಗಳಿವೆ. ಬಹಳ ಜನ ಮೂರನೆಯದನ್ನೇ ಒತ್ತಿಬಿಡುತ್ತಾರೆ. ಅಲ್ಲಿಗೆ ಕಾರ್ಯದರ್ಶಿಯ ಸುದ್ದಿಗೂ ಸದ್ದಿಲ್ಲ.

ಆದ್ದರಿಂದ ಒಳ್ಳೆಯ ಸೂಚನಾ ಪತ್ರದ ಮೊದಲ ಅಂಶ ದಾರಿ ಬೇರೆ ಮಾಡುವುದು. ಒಂದು ‘ಪ್ರಕಟಣೆ’ ಗುಂಪು, ಅದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಇನ್ನೊಂದು ‘ಮಾತುಕತೆ’ ಗುಂಪು, ಅದರಲ್ಲಿ ಎಲ್ಲರೂ ಬರೆಯಬಹುದು. ಅಡ್ಮಿನ್‌ಗಳಿಗಷ್ಟೇ ಬರೆಯಲು ಬಿಡುವ ಸೌಲಭ್ಯ 2018ರಿಂದಲೇ ಇದೆ. ಹಲವು ಗುಂಪುಗಳನ್ನು ಒಂದು ಸೂರಿನಡಿ ತರುವ ‘ಕಮ್ಯುನಿಟಿ’ ವ್ಯವಸ್ಥೆ 2022ರ ಕೊನೆಗೆ ಬಂತು. ಅದರ ಪ್ರಕಟಣೆ ಗುಂಪಿನಲ್ಲಿ ಒಬ್ಬ ಸದಸ್ಯರ ಫೋನ್ ನಂಬರು ಉಳಿದವರೆಲ್ಲರಿಗೂ ಕಾಣುವುದಿಲ್ಲ. ಒಂಟಿಯಾಗಿ ಬಾಡಿಗೆ ಮನೆಯಲ್ಲಿರುವ ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ. ಅವರಿಗೆ ನೀರಿನ ಸುದ್ದಿ ಬೇಕು, ಆದರೆ ನೂರೈವತ್ತು ಮನೆಗೂ ತಮ್ಮ ನಂಬರು ಹಂಚುವ ಮನಸ್ಸಿರುವುದಿಲ್ಲ.

ಪ್ರಕಟಣೆ ಗುಂಪಿಗೆ ಏನು ಹೋಗಬೇಕು ಎಂಬುದನ್ನು ಪತ್ರ ಬಿಗಿಯಾಗಿ ಹೇಳಬೇಕು. ಓದಿದವರು ಇವತ್ತೋ ನಾಳೆಯೋ ಏನಾದರೂ ಮಾಡಬೇಕಾಗಿದ್ದರೆ ಮಾತ್ರ ಅಲ್ಲಿಗೆ: ನೀರು, ಕರೆಂಟು, ರಸ್ತೆ ಅಗೆತ, ಕಸದ ಗಾಡಿಯ ಸಮಯ ಬದಲಾವಣೆ, ಸಭೆಯ ದಿನಾಂಕ. ವಾರಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಪ್ರಕಟಣೆ ಬಂದರೆ ಜನ ಇದನ್ನೂ ಮ್ಯೂಟ್ ಮಾಡುತ್ತಾರೆ. ಸಂಘದ ಪದಾಧಿಕಾರಿಗಳ ಹುಟ್ಟುಹಬ್ಬಕ್ಕೆ ಇಲ್ಲಿ ಜಾಗ ಕೊಡದಿರುವ ಗಟ್ಟಿತನ ಕಾರ್ಯದರ್ಶಿಗೆ ಇರಬೇಕು.

ಬರೆಯುವ ಬಗೆಯೂ ಮುಖ್ಯ. ಆ ಪೈಪ್ ಒಡೆದ ರಾತ್ರಿಯ ಮೆಸೇಜು ‘ನಾಳೆ ನೀರು ಬರುವುದಿಲ್ಲ’ ಎಂದಷ್ಟೇ ಇದ್ದರೆ, ಅದನ್ನು ಮರುದಿನ ಓದಿದವರಿಗೆ ‘ನಾಳೆ’ ಯಾವುದು ಎಂದು ತಿಳಿಯುವುದಿಲ್ಲ. ಹೀಗಿದ್ದರೆ ಗೊಂದಲವಿಲ್ಲ: ‘ಗುರುವಾರ 12ರಂದು ಮೂರನೇ ಮತ್ತು ನಾಲ್ಕನೇ ಅಡ್ಡರಸ್ತೆಗೆ ಕಾವೇರಿ ನೀರಿಲ್ಲ. ಕಾರಣ, ಮುಖ್ಯ ಪೈಪ್ ದುರಸ್ತಿ. ಶುಕ್ರವಾರ ಬೆಳಿಗ್ಗೆ 6ಕ್ಕೆ ಬಿಡುವ ಸಾಧ್ಯತೆ. ಸಂಪಿನ ನೀರನ್ನು ನೋಡಿಕೊಂಡು ಬಳಸಿ. ಮುಂದಿನ ಸುದ್ದಿ ಗುರುವಾರ ಸಂಜೆ 6ಕ್ಕೆ.’ ಕೊನೆಯ ವಾಕ್ಯ ಬಲು ಉಪಯೋಗದ್ದು. ಮುಂದಿನ ಸುದ್ದಿ ಯಾವಾಗ ಎಂದು ತಿಳಿದವರು ಗಂಟೆಗೊಮ್ಮೆ ‘ನೀರು ಬಂತಾ ಸರ್’ ಎಂದು ಕೇಳುವುದಿಲ್ಲ.

ಇಲ್ಲೊಂದು ಸಣ್ಣ ಎಡವಟ್ಟು ಆಗಾಗ ಆಗುತ್ತದೆ. ಕಳಿಸಿದ ಮೆಸೇಜನ್ನು ಹದಿನೈದು ನಿಮಿಷದೊಳಗೆ ತಿದ್ದಲು 2023ರಿಂದ ಅವಕಾಶವಿದೆ. ಆದರೆ ತಿದ್ದಿದ್ದಕ್ಕೆ ಫೋನ್ ಮತ್ತೆ ಸದ್ದು ಮಾಡುವುದಿಲ್ಲ. ನೀರು ಆರಕ್ಕೆ ಎಂದು ಓದಿ ಫೋನ್ ಕೆಳಗಿಟ್ಟವರಿಗೆ ಅದು ಹತ್ತು ಗಂಟೆ ಎಂದು ಬದಲಾದದ್ದು ತಿಳಿಯುವುದೇ ಇಲ್ಲ. ಹಾಗಾಗಿ ಅಕ್ಷರ ತಪ್ಪಿದ್ದರೆ ತಿದ್ದಬಹುದು. ಸಮಯ, ದಿನ, ರಸ್ತೆ ಬದಲಾದರೆ ‘ತಿದ್ದುಪಡಿ’ ಎಂಬ ತಲೆಬರಹದಲ್ಲಿ ಹೊಸ ಮೆಸೇಜೇ ಹಾಕಬೇಕು. ಮುಖ್ಯ ಸೂಚನೆಯನ್ನು ಗುಂಪಿನ ನೆತ್ತಿಯ ಮೇಲೆ ಪಿನ್ ಮಾಡಬಹುದು, ಅದಕ್ಕೆ ಒಂದು ದಿನ, ಏಳು ದಿನ, ಮೂವತ್ತು ದಿನ ಎಂಬ ಅವಧಿಗಳಿವೆ. ದುರಸ್ತಿ ಮುಗಿದ ಮೇಲೂ ಪಿನ್ ಹಾಗೇ ಉಳಿದರೆ ಜನ ಪಿನ್ ಓದುವುದನ್ನೇ ಬಿಡುತ್ತಾರೆ. ಇನ್ನು ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿಯರಿಗೆ, ಕಣ್ಣು ಮಂಜಾದವರಿಗೆ ಪಾರ್ಕಿನ ಗೇಟಿನ ಫಲಕದಲ್ಲಿ ದಪ್ಪ ಅಕ್ಷರದ ಒಂದು ಹಾಳೆ ಅಂಟಿಸುವುದನ್ನು ನಿಲ್ಲಿಸಬಾರದು.

ಮಾತುಕತೆ ಗುಂಪಿಗೆ ನಿಯಮ ಕಡಿಮೆ ಇದ್ದಷ್ಟೂ ಒಳ್ಳೆಯದು. ಒಳ್ಳೆಯ ಪ್ಲಂಬರ್ ಯಾರು, ಗಣಪತಿ ಹಬ್ಬಕ್ಕೆ ಪೆಂಡಾಲ್ ಎಲ್ಲಿ, ಕಳೆದುಹೋದ ಬೆಕ್ಕಿನ ಫೋಟೊ, ಇವೆಲ್ಲಕ್ಕೂ ಅಲ್ಲಿ ಜಾಗವಿರಲಿ. ದೂರುಗಳ ವಿಷಯದಲ್ಲಿ ಮಾತ್ರ ಪತ್ರ ಸ್ಪಷ್ಟವಾಗಿರಬೇಕು. ‘ನಮ್ಮ ರಸ್ತೆ ಲೈಟು ಉರಿಯುತ್ತಿಲ್ಲ’ ಎಂದು ಗುಂಪಿನಲ್ಲಿ ಬರೆದವರು ದೂರು ಕೊಟ್ಟೆವು ಎಂದುಕೊಳ್ಳುತ್ತಾರೆ. ಹತ್ತು ಜನ ‘ನಮ್ಮಲ್ಲೂ’ ಎನ್ನುತ್ತಾರೆ. ಯಾವ ಇಲಾಖೆಯ ಕಡತಕ್ಕೂ ಅದು ಹೋಗಿರುವುದಿಲ್ಲ. ಕರೆಂಟಿಗೆ ಬೆಸ್ಕಾಂನ 1912, ಕಾವೇರಿ ನೀರು ಮತ್ತು ಒಳಚರಂಡಿಗೆ ಜಲಮಂಡಳಿಯ 1916, ತುರ್ತಿಗೆ 112. ಈ ಮೂರು ನಂಬರು ಗುಂಪಿನ ವಿವರಣೆಯ ಜಾಗದಲ್ಲಿ ಸದಾ ಇರಬೇಕು. ದೂರು ದಾಖಲಿಸಿದವರು ಅದರ ಸಂಖ್ಯೆಯನ್ನು ಗುಂಪಿಗೆ ಹಾಕಿದರೆ, ಕಾರ್ಯದರ್ಶಿ ಆ ಸಂಖ್ಯೆ ಹಿಡಿದುಕೊಂಡೇ ಎಂಜಿನಿಯರ್ ಬಳಿ ಹೋಗಬಹುದು.

ಪತ್ರದಲ್ಲಿ ಅತ್ಯಂತ ಎಚ್ಚರದಿಂದ ಬರೆಯಬೇಕಾದ ಭಾಗ ಅಪರಿಚಿತರ ಫೋಟೊ ಕುರಿತದ್ದು. ಸಿಸಿಟಿವಿಯಲ್ಲಿ ಸಿಕ್ಕ ಒಂದು ಮುಖ, ಅದರ ಕೆಳಗೆ ‘ಅನುಮಾನಾಸ್ಪದ ವ್ಯಕ್ತಿ, ಎಚ್ಚರ’ ಎಂಬ ಸಾಲು. ಹಾಕಿದವರ ಮನಸ್ಸಿನಲ್ಲಿ ಕಾಳಜಿಯೇ ಇರುತ್ತದೆ. ಆದರೆ 2018ರ ಬೇಸಿಗೆಯಲ್ಲಿ ಕರ್ನಾಟಕ ಕಂಡದ್ದನ್ನು ಮರೆಯುವಂತಿಲ್ಲ. ಮಕ್ಕಳನ್ನು ಕದಿಯುವವರು ಬಂದಿದ್ದಾರೆ ಎಂಬ ವದಂತಿಯ ಜೊತೆ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಒಂದು ಫೋನಿನಿಂದ ಫೋನಿಗೆ ಹರಿಯಿತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಚಿತ್ರ. ಮಗುವನ್ನು ವಾಪಸು ತಂದು ಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಹಾಕಲಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ, ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಸ್ನೇಹಿತರ ಕಾರನ್ನು ಮುಂದಿನ ಊರಿನಲ್ಲಿ ಅಡ್ಡಗಟ್ಟಿದರು. ಅವರು ಮಕ್ಕಳ ಕಳ್ಳರು ಎಂಬ ಮಾತು ಕಾರಿಗಿಂತ ಮುಂಚೆ ವಾಟ್ಸಾಪ್‌ನಲ್ಲಿ ಅಲ್ಲಿಗೆ ತಲುಪಿತ್ತು. ಹೈದರಾಬಾದಿನ ಒಬ್ಬ ತರುಣ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು.

ಹಾಗಾಗಿ ನಿಯಮ ಹೀಗಿರಬೇಕು: ಅನುಮಾನ ಬಂದರೆ ಮೊದಲು 112, ನಂತರ ಕಾವಲುಗಾರ ಮತ್ತು ಕಾರ್ಯದರ್ಶಿಗೆ ಫೋನ್. ದೃಶ್ಯವನ್ನು ಪೊಲೀಸರಿಗೆ ಕೊಡಬೇಕು, ಗುಂಪಿಗೆ ಹಾಕಬಾರದು. ಫಾರ್ವರ್ಡ್ ಗುರುತಿರುವ, ದಿನಾಂಕವೂ ಊರೂ ಇಲ್ಲದ ಎಚ್ಚರಿಕೆಯನ್ನು ಯಾರೂ ಮುಂದಕ್ಕೆ ಕಳಿಸಬಾರದು.

ಮನೆಕೆಲಸದವರ ವಿಷಯಕ್ಕೂ ಇದೇ ಅಳತೆ. ಉಂಗುರ ಕಾಣದಾದ ಸಂಜೆ ಕೆಲಸದಾಕೆಯ ಫೋಟೊ ಹಾಕಿ ‘ಇವಳನ್ನು ಸೇರಿಸಬೇಡಿ’ ಎಂದು ಬರೆದರೆ, ಮರುದಿನ ಉಂಗುರ ಮಂಚದ ಕೆಳಗೆ ಸಿಕ್ಕರೂ ಆಕೆಗೆ ಆ ಬಡಾವಣೆಯಲ್ಲಿ ಕೆಲಸ ಸಿಗುವುದು ಕಷ್ಟ. ಆಕೆ ಆ ಗುಂಪಿನಲ್ಲಿ ಇಲ್ಲ, ತನ್ನ ಮಾತು ಹೇಳುವ ದಾರಿಯೂ ಅವಳಿಗಿಲ್ಲ. ಕಾನೂನಿನ ಕಣ್ಣಿಗೆ ಇದು ಮಾನಹಾನಿ ಆಗಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಅದಕ್ಕೆ ಎರಡು ವರ್ಷದವರೆಗೆ ಸಾದಾ ಸೆರೆವಾಸಕ್ಕೆ ಅವಕಾಶವಿದೆ. ನಿರ್ವಹಣಾ ಶುಲ್ಕ ಬಾಕಿ ಇರುವವರ ಹೆಸರನ್ನು ಗುಂಪಿನಲ್ಲಿ ಹಾಕಿ ನಾಚಿಸುವುದನ್ನು ಸಂಘವೇ ಮಾಡುವುದುಂಟು. ಅದನ್ನೂ ನಿಲ್ಲಿಸಿ, ಬಾಕಿಯವರಿಗೆ ನೇರವಾಗಿ ಪತ್ರ ಕಳಿಸಬೇಕು.

ಯಾರೋ ಹಾಕಿದ್ದಕ್ಕೆ ಅಡ್ಮಿನ್ ಜೈಲಿಗೆ ಹೋಗಬೇಕೇ ಎಂಬ ಭಯ ಕಾರ್ಯದರ್ಶಿಗಳಲ್ಲಿದೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದಕ್ಕೆ ಉತ್ತರ ಕೊಟ್ಟಿವೆ: ಸದಸ್ಯರು ಹಾಕಿದ್ದಕ್ಕೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅವರನ್ನು ಹೊಣೆ ಮಾಡಲಾಗದು. ಅಡ್ಮಿನ್‌ಗೂ ಆ ಸದಸ್ಯರಿಗೂ ಒಂದೇ ಉದ್ದೇಶವಿತ್ತು ಎಂದು ಸಾಬೀತಾದರೆ ಮಾತು ಬೇರೆ. ಹೊಣೆ ಇಲ್ಲವೆಂದು ಸುಮ್ಮನಿರಬೇಕಿಲ್ಲ. ಬೇರೆಯವರ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸುವ ಅಧಿಕಾರ ಅಡ್ಮಿನ್‌ಗಿದೆ, ಅಳಿಸಿದವರು ಯಾರೆಂಬುದೂ ಅಲ್ಲೇ ಕಾಣುತ್ತದೆ. ಆದ್ದರಿಂದ ಅಳಿಸಿದ ಕೂಡಲೇ ಹಾಕಿದವರಿಗೆ ಫೋನ್ ಮಾಡಿ, ‘ಸರ್, ಇಂಥ ಕಾರಣಕ್ಕೆ ತೆಗೆದೆ’ ಎಂದು ಹೇಳುವುದನ್ನೂ ನಿಯಮವಾಗಿ ಬರೆದುಕೊಳ್ಳಬೇಕು. ಎಷ್ಟೋ ಜಗಳ ಆ ಒಂದು ಫೋನ್ ಬರದಿದ್ದಕ್ಕೆ ಹುಟ್ಟುತ್ತದೆ.

ಗುಂಪಿನಲ್ಲಿ ಪೋಲ್ ಹಾಕಿ ತೀರ್ಮಾನ ಮುಗಿಸುವ ಅವಸರವೂ ಇದೆ. ಪೋಲ್ ಲೆಕ್ಕ ಹಾಕುವುದು ಫೋನುಗಳನ್ನು. ಒಂದು ಮನೆಯಿಂದ ಮೂವರು ಒತ್ತಬಹುದು, ಬಾಡಿಗೆದಾರರೂ ಮಾಲೀಕರೂ ಇಬ್ಬರೂ ಒತ್ತಬಹುದು, ಯಾರು ಯಾವುದಕ್ಕೆ ಒತ್ತಿದರು ಎಂಬುದು ಎಲ್ಲರಿಗೂ ಕಾಣುತ್ತದೆ. ಯೋಗ ತರಗತಿಯ ಸಮಯ ಗೊತ್ತುಮಾಡಲು ಇದು ಸಾಕು. ಶುಲ್ಕ ಏರಿಸಲು, ಬೋರ್‌ವೆಲ್ ಕೊರೆಸಲು ಬೈಲಾ ಪ್ರಕಾರ ಸಭೆ ಕರೆದು ನಡಾವಳಿ ಪುಸ್ತಕದಲ್ಲಿ ಬರೆಯಲೇಬೇಕು.

ಕೊನೆಗೆ ಉಳಿಯುವುದು ಅಡ್ಮಿನ್ ಕೀಲಿಕೈಯ ವಿಚಾರ. ಪತ್ರಕ್ಕೆ ಸಹಿ ಹಾಕಿದ ಕಾರ್ಯದರ್ಶಿ ಎರಡು ವರ್ಷಕ್ಕೆ ಬದಲಾಗಬಹುದು, ಮನೆ ಮಾರಿ ಬೇರೆ ಊರಿಗೆ ಹೋಗಬಹುದು. ಇದ್ದ ಒಬ್ಬನೇ ಅಡ್ಮಿನ್ ಗುಂಪಿನಿಂದ ಹೊರನಡೆದರೆ, ಉಳಿದ ಸದಸ್ಯರಲ್ಲಿ ಯಾರೋ ಒಬ್ಬರನ್ನು ವಾಟ್ಸಾಪ್ ತಾನೇ ಅಡ್ಮಿನ್ ಮಾಡಿಬಿಡುತ್ತದೆ. ಹೋದ ತಿಂಗಳು ಮನೆ ಖಾಲಿ ಮಾಡಿದವರ ನಂಬರು ಗುಂಪಿನಲ್ಲೇ ಉಳಿದಿದ್ದರೆ ಅವರೂ ಆಗಬಹುದು. ಅದಕ್ಕಾಗಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮೂವರೂ ಅಡ್ಮಿನ್ ಆಗಿರಬೇಕು. ಪದಾಧಿಕಾರಿಗಳ ಆಯ್ಕೆ ನಡೆದ ದಿನವೇ, ಲೆಕ್ಕದ ಪುಸ್ತಕ ಮತ್ತು ಪಂಪ್ ಕೋಣೆಯ ಬೀಗದ ಕೈ ಜೊತೆಗೆ ಅಡ್ಮಿನ್ ಅಧಿಕಾರವನ್ನೂ ಹೊಸಬರಿಗೆ ಒಪ್ಪಿಸಿ, ಅದನ್ನು ಹಸ್ತಾಂತರ ಪಟ್ಟಿಯಲ್ಲಿ ನಮೂದಿಸಬೇಕು.